ಗಾಜಿನ ಮೇಲೆ ನೇರವಾಗಿ ಬಿದ್ದ ಬೆಳಕಿನ ಪಾಲುಪಟ್ಟಿ

ಬೆಳಕು ಒಂದು ಪಾರದರ್ಶಕ ಮಾಧ್ಯಮದಿಂದ ಇನ್ನೊಂದಕ್ಕೆ ದಾಟುವಾಗ ಅವೆರಡರ ನಡುವಿನ ಎಲ್ಲೆಯಲ್ಲಿ ಎರಡು ಪಾಲಾಗುತ್ತದೆ. ಒಂದು ಪಾಲು ಹಿಂದಕ್ಕೆ ಮರಳುತ್ತದೆ, ಉಳಿದದ್ದು ಮುಂದೆ ಸಾಗುತ್ತದೆ. ಮರಳುವ ಶಕ್ತಿಯ ಪಾಲಿಗೆ ಪ್ರತಿಫಲನಾಂಶ ಎಂದೂ ಮುಂದೆ ಸಾಗುವ ಪಾಲಿಗೆ ಪ್ರಸರಣಾಂಶ ಎಂದೂ ಹೆಸರು. ಕಿರಣವು ಮೇಲ್ಮೈಗೆ ಲಂಬವಾಗಿ ಬಿದ್ದರೆ ಈ ಎರಡನ್ನೂ ಕಂಡುಹಿಡಿಯಲು ಎರಡೇ ಸಂಖ್ಯೆಗಳು ಸಾಕು: ಎರಡು ಮಾಧ್ಯಮಗಳ ವಕ್ರೀಭವನ ಸೂಚ್ಯಂಕಗಳು. ನಿರ್ವಾತದಲ್ಲಿರುವುದಕ್ಕಿಂತ ಎಷ್ಟು ಪಟ್ಟು ನಿಧಾನವಾಗಿ ಬೆಳಕು ಆ ಮಾಧ್ಯಮದಲ್ಲಿ ಸಾಗುತ್ತದೆ ಎಂಬುದನ್ನು ಈ ಸೂಚ್ಯಂಕ ಹೇಳುತ್ತದೆ. ಗಾಳಿಗೆ ಅದು ಹೆಚ್ಚುಕಡಿಮೆ 1, ನೀರಿಗೆ 1.33, ಸಾಮಾನ್ಯ ಗಾಜಿಗೆ ಸುಮಾರು 1.5, ವಜ್ರಕ್ಕೆ 2.42.

ಪಾರದರ್ಶಕವಾದ ಗಾಜು ಬೆಳಕನ್ನು ಹಿಂದಿರುಗಿಸುವುದಾದರೂ ಏಕೆ? ಬೆಳಕು ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರಗಳು ಜೊತೆಗೂಡಿ ಸಾಗುವ ತರಂಗ. ಇವೆರಡರ ಬಲಗಳ ಅನುಪಾತ ಪ್ರತಿ ಮಾಧ್ಯಮದಲ್ಲೂ ಬೇರೆ. ಸೂಚ್ಯಂಕ ಹೆಚ್ಚಿದಷ್ಟೂ ವಿದ್ಯುತ್ ಕ್ಷೇತ್ರಕ್ಕೆ ಹೋಲಿಸಿದರೆ ಕಾಂತಕ್ಷೇತ್ರ ಬಲವಾಗುತ್ತದೆ. ಆದರೆ ಎಲ್ಲೆಯ ಎರಡೂ ಬದಿಗಳಲ್ಲಿ ಎರಡೂ ಕ್ಷೇತ್ರಗಳು ತಾಳೆಯಾಗಲೇಬೇಕು, ನಡುವೆ ಹಠಾತ್ ಜಿಗಿತ ಇರಕೂಡದು. ಒಳಬಂದ ತರಂಗ, ಮುಂದೆ ಹೋಗುವ ತರಂಗ ಇವೆರಡರಿಂದಲೇ ಎರಡೂ ತಾಳೆಗಳನ್ನು ಹೊಂದಿಸಲಾಗದು. ಹಿಂದಕ್ಕೆ ಹೋಗುವ ಮೂರನೆಯ ತರಂಗವೊಂದು ಹುಟ್ಟಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಅದೇ ಪ್ರತಿಫಲನ.

ಮೊದಲ ಮಾಧ್ಯಮದ ಸೂಚ್ಯಂಕ n1, ಎರಡನೆಯದರದು n2 ಎಂದಿಟ್ಟುಕೊಂಡು ಈ ಎರಡು ತಾಳೆಗಳನ್ನು ಸಮೀಕರಣವಾಗಿ ಬರೆದು ಬಿಡಿಸಿದರೆ, ಒಳಬಂದ ತರಂಗಕ್ಕೆ ಹೋಲಿಸಿದಂತೆ ಉಳಿದೆರಡು ತರಂಗಗಳ ಕಂಪನವಿಸ್ತಾರ, ಅಂದರೆ ವಿದ್ಯುತ್ ಕ್ಷೇತ್ರದ ಏರಿಳಿತದ ಎತ್ತರ, ದೊರೆಯುತ್ತದೆ:

r = (n1 − n2) / (n1 + n2)
t = 2 n1 / (n1 + n2)

ಫ್ರಾನ್ಸಿನ ಭೌತವಿಜ್ಞಾನಿ ಆಗಸ್ಟಿನ್ ಫ್ರೆನೆಲ್ 1823ರಲ್ಲಿ ಮಂಡಿಸಿದ ಸೂತ್ರಗಳು ಲಂಬ ಕಿರಣಕ್ಕೆ ತಳೆಯುವ ಸರಳ ರೂಪ ಇದು. ಬೆಳಕು ವಿದ್ಯುತ್ಕಾಂತೀಯ ತರಂಗವೆಂದು ಮ್ಯಾಕ್ಸ್‌ವೆಲ್ ತೋರಿಸಿದ್ದು ಅದಾದ ಹಲವು ದಶಕಗಳ ನಂತರ. ಫ್ರೆನೆಲ್ ಬೆಳಕನ್ನು ಈಥರ್ ಎಂಬ ಕಲ್ಪಿತ ಮಾಧ್ಯಮದ ಕಂಪನವೆಂದು ಭಾವಿಸಿ ಲೆಕ್ಕ ಹಾಕಿದ್ದರು. ಆ ಕಲ್ಪನೆ ಬಿದ್ದುಹೋಯಿತು, ಸೂತ್ರಗಳು ಉಳಿದವು.

ಕಣ್ಣಿಗಾಗಲಿ ಉಪಕರಣಕ್ಕಾಗಲಿ ತಿಳಿಯುವುದು ಕಂಪನವಿಸ್ತಾರವಲ್ಲ, ಶಕ್ತಿ. ಶಕ್ತಿಯು ಕಂಪನವಿಸ್ತಾರದ ವರ್ಗಕ್ಕೆ ಅನುಗುಣವಾಗಿರುವುದರಿಂದ ಪ್ರತಿಫಲನಾಂಶ R = r² ಆಗುತ್ತದೆ. ಗಾಳಿಯಿಂದ ಗಾಜಿಗೆ ಬೀಳುವ ಬೆಳಕಿಗೆ ಇದನ್ನು ಅನ್ವಯಿಸಿದರೆ r = (1 − 1.5) / (1 + 1.5) = −0.2, ಅದರ ವರ್ಗ 0.04. ಅಂದರೆ ನೂರರಲ್ಲಿ 4 ಪಾಲು ಬೆಳಕು ಮರಳುತ್ತದೆ. ಋಣ ಚಿಹ್ನೆಯ ಅರ್ಥ ಇಷ್ಟೇ: ಮರಳುವ ತರಂಗ ತಲೆಕೆಳಗಾಗಿದೆ, ಉಬ್ಬು ಇರಬೇಕಾದಲ್ಲಿ ತಗ್ಗಿದೆ.

ಪ್ರಸರಣಾಂಶದ ಲೆಕ್ಕದಲ್ಲಿ ವಿದ್ಯಾರ್ಥಿಗಳು ಎಡವುವುದು ಸಾಮಾನ್ಯ. ಮೇಲಿನ ಉದಾಹರಣೆಯಲ್ಲಿ t = 2 / 2.5 = 0.8. ಇದನ್ನೂ ವರ್ಗ ಮಾಡಿ ನಿಲ್ಲಿಸಿದರೆ 0.64 ಬರುತ್ತದೆ. ಮರಳಿದ 0.04ನ್ನು ಸೇರಿಸಿದರೂ ಮೊತ್ತ 0.68, ಉಳಿದ ಮೂರನೇ ಒಂದು ಭಾಗದಷ್ಟು ಬೆಳಕು ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ. ಕಂಪನವಿಸ್ತಾರ ಒಂದೇ ಆಗಿದ್ದರೂ ಹೆಚ್ಚು ಸೂಚ್ಯಂಕದ ಮಾಧ್ಯಮದಲ್ಲಿ ತರಂಗ ಹೆಚ್ಚು ಶಕ್ತಿಯನ್ನು ಸಾಗಿಸುತ್ತದೆ, ಏಕೆಂದರೆ ಅಲ್ಲಿ ಕಾಂತಕ್ಷೇತ್ರದ ಪಾತ್ರ ದೊಡ್ಡದು. ಆದ್ದರಿಂದ t²ವನ್ನು ಸೂಚ್ಯಂಕಗಳ ಅನುಪಾತದಿಂದ ಗುಣಿಸಬೇಕು:

T = (n2 / n1) t² = 4 n1 n2 / (n1 + n2)²

ಈಗ 1.5 × 0.64 = 0.96. ಮರಳಿದ 0.04ರೊಡನೆ ಸೇರಿ ಮೊತ್ತ ಸರಿಯಾಗಿ 1. ಯಾವುದೇ ಲೆಕ್ಕದಲ್ಲಿ R ಮತ್ತು T ಕೂಡಿದಾಗ ಒಂದು ಬಾರದಿದ್ದರೆ ಎಲ್ಲೋ ತಪ್ಪಾಗಿದೆ ಎಂದೇ ಅರ್ಥ.

ಅದೇ ಕಿರಣ ಗಾಜಿನಿಂದ ಗಾಳಿಗೆ ಹೊರಟರೆ t = 3 / 2.5 = 1.2, ಒಂದಕ್ಕಿಂತ ಹೆಚ್ಚು! ಶಕ್ತಿ ತಾನಾಗಿ ಹೆಚ್ಚಿತೇ ಎಂಬ ಅನುಮಾನ ಬರಬಹುದು. ಆದರೆ t² ಆದ 1.44ನ್ನು 1.5ರಿಂದ ಭಾಗಿಸಿದರೆ ಮತ್ತೆ 0.96 ಬರುತ್ತದೆ. ಬೆಳಕು ಯಾವ ಕಡೆಯಿಂದ ಬಂದರೂ ಲಂಬವಾಗಿರುವವರೆಗೆ ಪಾಲು ಒಂದೇ.

ಕಿಟಕಿಯ ಗಾಜಿಗೆ ಇಂಥ ಎಲ್ಲೆಗಳು ಎರಡು. ಮುಂದಿನ ಮೇಲ್ಮೈ 100ರಲ್ಲಿ 4 ಪಾಲನ್ನು ಮರಳಿಸುತ್ತದೆ. ಒಳಹೊಕ್ಕ 96ರಲ್ಲಿ ನೂರಕ್ಕೆ 4ರಂತೆ 3.84 ಪಾಲನ್ನು ಹಿಂದಿನ ಮೇಲ್ಮೈ ಮರಳಿಸುತ್ತದೆ, ಅದರಲ್ಲಿ ಸುಮಾರು 3.7 ಪಾಲು ಮುಂಭಾಗದಿಂದ ಹೊರಬರುತ್ತದೆ. ಒಟ್ಟು ಪ್ರತಿಫಲನ ಸುಮಾರು 7.7, ಗಾಜು ಹೀರುವುದನ್ನು ಬಿಟ್ಟರೆ ದಾಟಿಹೋಗುವುದು 92.3. ರಾತ್ರಿ ದೀಪ ಹಚ್ಚಿದ ಕೋಣೆಯ ಕಿಟಕಿಯಲ್ಲಿ ಮುಖ ಕಾಣಿಸುವುದು ಈ ಎಂಟರ ಹತ್ತಿರದ ಪಾಲಿನಿಂದಲೇ. ಹಗಲಿನಲ್ಲೂ ಗಾಜು ಅಷ್ಟೇ ಪಾಲನ್ನು ಮರಳಿಸುತ್ತದೆ, ಆದರೆ ಹೊರಗಿನಿಂದ ಬರುವ ಪ್ರಖರ ಬೆಳಕಿನಲ್ಲಿ ಅದು ಮುಳುಗಿಹೋಗುತ್ತದೆ.

ಪ್ರತಿಫಲನವನ್ನು ನಿರ್ಧರಿಸುವುದು ಸೂಚ್ಯಂಕದ ದೊಡ್ಡತನವಲ್ಲ, ಎರಡರ ನಡುವಿನ ಅಂತರ. ಗಾಳಿಯಲ್ಲಿ ವಜ್ರದ ಒಂದು ಮೇಲ್ಮೈ ನೂರಕ್ಕೆ 17ರಷ್ಟು ಬೆಳಕನ್ನು ಮರಳಿಸುತ್ತದೆ, ನೀರು ಮರಳಿಸುವುದು 2 ಮಾತ್ರ. ಅದೇ ಗಾಜನ್ನು ನೀರಿನಲ್ಲಿ ಮುಳುಗಿಸಿದರೆ ಪ್ರತಿಫಲನ 4ರಿಂದ ಅರ್ಧಕ್ಕಿಂತಲೂ ಕಡಿಮೆಗೆ, ಸುಮಾರು 0.36ಕ್ಕೆ ಇಳಿಯುತ್ತದೆ. ಪ್ರಯೋಗಾಲಯದ ಬೋರೋಸಿಲಿಕೇಟ್ ಗಾಜಿನ ಕಡ್ಡಿ ಗ್ಲಿಸರಿನ್‌ನಲ್ಲಿ ಬಹುತೇಕ ಮಾಯವಾಗುವುದೂ ಇದರಿಂದಲೇ. ಎರಡರ ಸೂಚ್ಯಂಕವೂ 1.47ರ ಆಸುಪಾಸಿನಲ್ಲಿದೆ.

ಕ್ಯಾಮೆರಾ ಮಸೂರಗಳಲ್ಲಿ ಈ ಸಣ್ಣ ನಷ್ಟ ದೊಡ್ಡದಾಗುತ್ತದೆ. ಬಿಡಿಬಿಡಿಯಾದ ಆರು ಗಾಜುಗಳಿದ್ದರೆ ಹನ್ನೆರಡು ಮೇಲ್ಮೈಗಳು. 0.96ನ್ನು ಹನ್ನೆರಡು ಬಾರಿ ಗುಣಿಸಿದರೆ 0.61, ನೂರರಲ್ಲಿ 39 ಪಾಲು ಬೆಳಕು ನೇರ ದಾರಿ ಬಿಡುತ್ತದೆ, ಅದರಲ್ಲಿ ಒಂದಷ್ಟು ಒಳಗೇ ಪುಟಿದು ಚಿತ್ರವನ್ನು ಮಂಕಾಗಿಸುತ್ತದೆ. ಪಕ್ಕದ ಗಾಜುಗಳನ್ನು ಹತ್ತಿರದ ಸೂಚ್ಯಂಕವಿರುವ ಅಂಟಿನಿಂದ ಕೂಡಿಸುವುದು ಹಳೆಯ ಪರಿಹಾರ. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ತೆಳುಲೇಪನದ ವಿಧಾನ ರೂಪಿಸಿದರು. 1.38 ಸೂಚ್ಯಂಕದ ಮೆಗ್ನೀಸಿಯಮ್ ಫ್ಲೋರೈಡ್ ಅನ್ನು, ಲೇಪನದೊಳಗಿನ ತರಂಗಾಂತರದ ಕಾಲುಭಾಗದಷ್ಟು ದಪ್ಪಕ್ಕೆ ಲೇಪಿಸಿದರೆ ಅದರ ಎರಡು ಮೇಲ್ಮೈಗಳಿಂದ ಮರಳುವ ತರಂಗಗಳು ಒಂದನ್ನೊಂದು ಬಹುಪಾಲು ಅಳಿಸುತ್ತವೆ. ಆ ಬಣ್ಣದ ಬೆಳಕಿಗೆ ಪ್ರತಿಫಲನ 4ರಿಂದ ಸುಮಾರು 1.4ಕ್ಕೆ ಇಳಿಯುತ್ತದೆ.

ಸೂತ್ರಕ್ಕೆ ಮಿತಿಗಳಿವೆ. ಮೇಲ್ಮೈ ನುಣುಪಾಗಿರಬೇಕು, ಉಜ್ಜಿ ಒರಟಾದ ಗಾಜು ಬೆಳಕನ್ನು ಎಲ್ಲೆಡೆ ಚೆದುರಿಸುತ್ತದೆ. ಲೋಹಗಳು ಬೆಳಕನ್ನು ಹೀರುವುದರಿಂದ ಅವುಗಳಿಗೆ ಹೀರುವಿಕೆಯನ್ನೂ ಒಳಗೊಂಡ ಬೇರೆ ರೂಪದ ಸೂಚ್ಯಂಕ ಬೇಕಾಗುತ್ತದೆ. ಕಿರಣ ಓರೆಯಾದಾಗಲೂ ಲೆಕ್ಕ ಬದಲಾಗುತ್ತದೆ. ಲಂಬದಿಂದ 30 ಡಿಗ್ರಿಯವರೆಗೆ ಸಾಮಾನ್ಯ ಬೆಳಕಿಗೆ ಗಾಜಿನ 4ರ ಪಾಲು ಹೆಚ್ಚು ಕದಲುವುದಿಲ್ಲ, 60 ಡಿಗ್ರಿಯಲ್ಲಿ ಅದು ಸುಮಾರು 9 ಆಗುತ್ತದೆ, ಮೇಲ್ಮೈಯನ್ನು ಸವರುವಂತೆ ಬಂದ ಬೆಳಕು ಬಹುತೇಕ ಪೂರ್ತಿಯಾಗಿ ಮರಳುತ್ತದೆ.