ಒಂದು ಮಾವಿನ ಬಾಕ್ಸ್, ಎರಡು ತಲೆಬರಹ: ಗೆದ್ದಿದ್ದು ಯಾವುದು ಅಂತ ಹೇಳೋದು ಹೇಗೆ?

ಶ್ರೀನಿವಾಸಪುರ: ಮಾವಿನ ಸೀಸನ್ ಬಂತು ಅಂದ್ರೆ ಇಲ್ಲಿನ ಮಂಡಿಗಳಲ್ಲಿ ಕಾಲಿಡೋಕೂ ಜಾಗ ಇರಲ್ಲ. ಈಗ ಮಂಡಿಯ ಜೊತೆಗೆ ಮೊಬೈಲ್‌ನಲ್ಲೂ ಹಣ್ಣು ಮಾರಾಟ ಆಗುತ್ತಿದೆ. ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮದ ಪೋರ್ಟಲ್‌ನಲ್ಲಿ ಬುಕ್ ಮಾಡಿದರೆ, ಅಂಚೆ ಇಲಾಖೆಯೇ 3 ಕೆಜಿ ಬಾಕ್ಸನ್ನು ಬೆಂಗಳೂರಿನ ಮನೆಗಳಿಗೆ ತಲುಪಿಸಿದ ಉದಾಹರಣೆ ಕಣ್ಣ ಮುಂದಿದೆ. ತಾವೇ ಒಂದು ಪುಟ ಮಾಡಿಸಿ, ಫೇಸ್‌ಬುಕ್‌ನಲ್ಲಿ ಜಾಹೀರಾತು ಹಾಕಿ ಮಾರುವವರೂ ಇದ್ದಾರೆ. ಜಾಹೀರಾತು ಒತ್ತಿದ ಗಿರಾಕಿ ಬಂದು ಇಳಿಯುವ ಈ ಪುಟಕ್ಕೆ ಲ್ಯಾಂಡಿಂಗ್ ಪೇಜ್ ಅನ್ನುತ್ತಾರೆ.

ಪುಟದ ಮೇಲೆ ದಪ್ಪಕ್ಷರದಲ್ಲಿ ಏನು ಬರೆದರೆ ಆರ್ಡರ್ ಜಾಸ್ತಿ ಬರುತ್ತೆ? ಇದನ್ನು ಪರೀಕ್ಷೆ ಮಾಡೋದು ಸುಲಭ. ಫಲಿತಾಂಶವನ್ನು ಇದ್ದ ಹಾಗೆ ಓದೋದೇ ಕಷ್ಟ.

ಲೆಕ್ಕ ತಿಳಿಯಲು ಒಬ್ಬ ವ್ಯಾಪಾರಿಯನ್ನು ಊಹಿಸಿಕೊಳ್ಳೋಣ. ಅವರ ಪುಟಕ್ಕೆ ದಿನಕ್ಕೆ ಸುಮಾರು 40 ಜನ ಬರುತ್ತಾರೆ, ನೂರು ಜನ ಬಂದರೆ 4 ಆರ್ಡರ್. ಈಗಿನ ತಲೆಬರಹ: 'ಶ್ರೀನಿವಾಸಪುರದ ಬಾದಾಮಿ, ತೋಟದಿಂದ ನೇರ ಮನೆಗೆ'. ಹೊಸದು: 'ಕಾರ್ಬೈಡ್ ಹಾಕದೆ ಹಣ್ಣು ಮಾಡಿದ ಬಾದಾಮಿ, 3 ಕೆಜಿ ಬಾಕ್ಸ್'. ಎರಡನೆಯದನ್ನು ಬರೆಯಬೇಕಾದರೆ ಅದು ನಿಜ ಆಗಿರಬೇಕು ಅನ್ನೋದು ಮೊದಲ ಷರತ್ತು. ಕಾರ್ಬೈಡ್ ಗ್ಯಾಸ್‌ನಿಂದ ಹಣ್ಣು ಮಾಡೋದು ಕಾನೂನಿನಲ್ಲೇ ನಿಷೇಧ.

ಒಂದೇ ಹೊಲದಲ್ಲಿ ಎರಡು ಬೀಜ

ಬಹಳ ಜನ ಮಾಡುವ ತಪ್ಪು ಇದು: ಒಂದು ವಾರ ಹಳೇ ತಲೆಬರಹ, ಮುಂದಿನ ವಾರ ಹೊಸದು. ಅಷ್ಟರಲ್ಲಿ ಮಳೆ ಬಂದಿರುತ್ತೆ, ರೇಟು ಇಳಿದಿರುತ್ತೆ, ಸಂಬಳದ ದಿನ ಬಂದಿರುತ್ತೆ. ಆರ್ಡರ್ ಜಾಸ್ತಿ ಆಗಿದ್ದು ತಲೆಬರಹದಿಂದಲೋ ರೇಟಿನಿಂದಲೋ ಯಾರಿಗೂ ಗೊತ್ತಾಗಲ್ಲ. ಒಂದು ರಾಗಿ ತಳಿಯನ್ನು ಕೆರೆ ಕೆಳಗಿನ ಗದ್ದೆಯಲ್ಲೂ ಇನ್ನೊಂದನ್ನು ದಿಣ್ಣೆ ಮೇಲೂ ಬಿತ್ತಿ, ಯಾವುದು ಒಳ್ಳೇ ತಳಿ ಅಂತ ಕೇಳಿದ ಹಾಗೆ.

ಸರಿಯಾದ ಕ್ರಮದಲ್ಲಿ ಎರಡೂ ತಲೆಬರಹ ಒಂದೇ ದಿನ, ಒಂದೇ ರೇಟಿಗೆ ಓಡಬೇಕು. ಪುಟಕ್ಕೆ ಬಂದ ಪ್ರತಿಯೊಬ್ಬರಿಗೂ ಪುಟವೇ ನಾಣ್ಯ ಚಿಮ್ಮಿದ ಹಾಗೆ ಎರಡರಲ್ಲಿ ಒಂದನ್ನು ತೋರಿಸುತ್ತೆ. ಅದೇ ಮೊಬೈಲ್‌ನಿಂದ ನಾಳೆ ಬಂದರೂ ಅದೇ ತಲೆಬರಹ ಕಾಣಬೇಕು. ಪುಟ ಮಾಡಿಕೊಟ್ಟವರಿಗೆ ಹೇಳಿದರೆ ಹತ್ತು ಸಾಲಿನ ಕೋಡ್‌ನಲ್ಲಿ ಆಗುವ ಕೆಲಸ. ಇದಕ್ಕೆ ಅಂತ ಗೂಗಲ್ ಕೊಟ್ಟಿದ್ದ ಆಪ್ಟಿಮೈಜ್ 2023ರ ಸೆಪ್ಟೆಂಬರ್‌ನಲ್ಲೇ ಮುಚ್ಚಿದೆ, ಅದನ್ನು ಹುಡುಕಿಕೊಂಡು ಹೋಗೋದು ಬೇಡ.

ಆರ್ಡರ್ ಎಣಿಸೋದೂ ಕಷ್ಟ ಅಲ್ಲ. ವಾಟ್ಸಾಪ್ ಬಟನ್ ಒತ್ತಿದಾಗ ಮೊದಲೇ ಬರೆದಿಟ್ಟ ಮೆಸೇಜ್ ತೆರೆಯುವಂತೆ ಮಾಡಬಹುದು. ಹಳೇ ತಲೆಬರಹದಿಂದ ಬಂದ ಮೆಸೇಜ್ ಕೊನೆಯಲ್ಲಿ 'ಬಾಕ್ಸ್ 1', ಹೊಸದರಿಂದ ಬಂದಿದ್ದರಲ್ಲಿ 'ಬಾಕ್ಸ್ 2' ಅಂತ ಇದ್ದರೆ ಸಾಕು, ನೋಟ್‌ಬುಕ್‌ನಲ್ಲೇ ಲೆಕ್ಕ ಇಡಬಹುದು. ಮನೆಯವರು, ಸ್ನೇಹಿತರು ಸುಮ್ಮನೆ ತೆರೆದು ನೋಡಿದ್ದನ್ನು ಲೆಕ್ಕದಿಂದ ಬಿಡಬೇಕು. ದುಡ್ಡು ಕೊಟ್ಟು ಬಾಕ್ಸ್ ತಗೊಂಡಿದ್ದೇ ಆರ್ಡರ್, 'ರೇಟ್ ಎಷ್ಟು?' ಅಂತ ಕೇಳಿದ್ದು ಆರ್ಡರ್ ಅಲ್ಲ.

ಹತ್ತನೇ ದಿನದ ಆಸೆ

ಶುರು ಮಾಡೋ ಮುಂಚೆ ಒಂದು ಚೀಟಿಯಲ್ಲಿ ಮೂರು ವಿಷಯ ಬರೆದಿಡಬೇಕು: ಏನನ್ನು ಎಣಿಸುತ್ತೇವೆ, ಎಷ್ಟು ದಿನ ಓಡಿಸುತ್ತೇವೆ, ಎಷ್ಟು ವ್ಯತ್ಯಾಸ ಬಂದರೆ ಗೆದ್ದಿದೆ ಅನ್ನುತ್ತೇವೆ. ನಮ್ಮ ವ್ಯಾಪಾರಿ 30 ದಿನ ಅಂತ ಬರೆದಿದ್ದಾರೆ.

ಹತ್ತನೇ ದಿನ ನೋಡಿದರೆ ಎರಡೂ ಕಡೆ 200 ಜನ ಬಂದಿದ್ದಾರೆ. ಹಳೇದಕ್ಕೆ 8 ಆರ್ಡರ್, ಹೊಸದಕ್ಕೆ 14. ಮನೆಯ ಹುಡುಗ ಕುಣಿಯುತ್ತಾನೆ: "ಅಪ್ಪಾ, ಹೊಸದೇ ಓಡ್ತಾ ಇದೆ, ಹಳೇದನ್ನ ತೆಗೆದುಬಿಡೋಣ!"

ಇಲ್ಲಿ ಒಂದು ಸಣ್ಣ ಲೆಕ್ಕ. ಎರಡೂ ಕಡೆಯ ಆರ್ಡರ್ ಕೂಡಿಸಿ, ಅದರ ವರ್ಗಮೂಲ ತೆಗೆದು, ಎರಡರಿಂದ ಗುಣಿಸಬೇಕು. ಆರ್ಡರ್‌ಗಳ ವ್ಯತ್ಯಾಸ ಅದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಅದನ್ನು ಲೆಕ್ಕಕ್ಕೆ ತಗೋಬಹುದು. 8 ಮತ್ತು 14 ಸೇರಿ 22, ವರ್ಗಮೂಲ ಸುಮಾರು 4.7, ಅದರ ಎರಡರಷ್ಟು 9.4. ಇಲ್ಲಿರೋ ವ್ಯತ್ಯಾಸ 6 ಮಾತ್ರ. ಎರಡೂ ತಲೆಬರಹ ಒಂದೇ ಆಗಿದ್ದರೂ ಬರೀ ಅದೃಷ್ಟದಿಂದ ಇಷ್ಟು ವ್ಯತ್ಯಾಸ ಬರಬಹುದು.

ಎರಡೂ ಕಡೆ ಬಂದ ಜನ ಹೆಚ್ಚುಕಮ್ಮಿ ಸಮ ಇದ್ದು, ನೂರಕ್ಕೆ ಕೆಲವೇ ಆರ್ಡರ್ ಬರುವಾಗ ಈ ಲೆಕ್ಕ ಸರಿಹೋಗುತ್ತೆ. ಆಗಲೂ ಇಪ್ಪತ್ತಕ್ಕೆ ಒಂದು ಸಲ ಅದೃಷ್ಟವೇ ಮೋಸ ಮಾಡುತ್ತೆ. ದಿನಾ ನೋಡಿ, ಮುಂದೆ ಇದ್ದ ದಿನವೇ ನಿಲ್ಲಿಸಿದರೆ ಮೋಸ ಇನ್ನೂ ಜಾಸ್ತಿ. ನಾಣ್ಯ ಚಿಮ್ಮುತ್ತಾ ಹೋಗಿ, ತಮಗೆ ಬೇಕಾದ ಬದಿ ಮುಂದೆ ಬಂದಾಗ "ಆಟ ಮುಗೀತು" ಅಂದರೆ ಯಾರು ಬೇಕಾದರೂ ಗೆಲ್ಲಬಹುದು. ಅದಕ್ಕೇ ದಿನದ ಲೆಕ್ಕ ಬರೆದಿಟ್ಟರೂ ತೀರ್ಮಾನ ಮೂವತ್ತನೇ ದಿನವೇ.

ಮೂವತ್ತನೇ ದಿನ

ಕೊನೆಗೆ ಎರಡೂ ಕಡೆ 600 ಜನ. ಹಳೇದಕ್ಕೆ 29, ಹೊಸದಕ್ಕೆ 35. ಒಟ್ಟು 64, ವರ್ಗಮೂಲ 8, ಎರಡರಷ್ಟು 16. ವ್ಯತ್ಯಾಸ ಈಗಲೂ 6. ಹತ್ತನೇ ದಿನ ಮುಕ್ಕಾಲು ಪಾಲು ಜಾಸ್ತಿ ಕಂಡಿದ್ದು ಈಗ ಐದನೇ ಒಂದು ಭಾಗಕ್ಕೆ ಇಳಿದಿದೆ. ಅದೇ 22 ಮತ್ತು 42 ಬಂದಿದ್ದರೆ ವ್ಯತ್ಯಾಸ 20 ಆಗುತ್ತಿತ್ತು, ಆಗ ಗೆದ್ದಿದೆ ಅನ್ನಬಹುದಿತ್ತು.

ಈಗ ಇನ್ನೊಂದು ಆಸೆ ಹುಟ್ಟುತ್ತೆ: "ಭಾನುವಾರದ್ದು ಮಾತ್ರ ನೋಡಿದ್ರೆ ಹೊಸದು ಗೆದ್ದಿದೆ ಅಲ್ವಾ?" ಲೆಕ್ಕವನ್ನು ಹೀಗೆ ತುಂಡು ಮಾಡುತ್ತಾ ಹೋದರೆ ಎಲ್ಲೋ ಒಂದು ತುಂಡಿನಲ್ಲಿ ಗೆಲುವು ಸಿಕ್ಕೇ ಸಿಗುತ್ತೆ. ಚೀಟಿಯಲ್ಲಿ ಭಾನುವಾರ ಅಂತ ಇರಲಿಲ್ಲ, ಆದ್ದರಿಂದ ಅದು ತೀರ್ಪು ಅಲ್ಲ.

ಪ್ರಾಮಾಣಿಕ ಉತ್ತರ ಇಷ್ಟೇ: ಹೊಸ ತಲೆಬರಹ ಆರ್ಡರನ್ನು ದುಪ್ಪಟ್ಟು ಮಾಡುತ್ತೆ ಅನ್ನೋಕೆ ಆಧಾರ ಸಿಗಲಿಲ್ಲ. ಸಣ್ಣ ಲಾಭ ಇದ್ದರೂ ಇರಬಹುದು, ಇಷ್ಟು ಜನರಲ್ಲಿ ಅದು ಕಾಣಲ್ಲ. ನೂರಕ್ಕೆ 4 ಇದ್ದಿದ್ದು 8 ಆಗಿದೆಯಾ ಅಂತ ಹಿಡಿಯೋಕೆ ಒಂದೊಂದು ಕಡೆ ಸುಮಾರು 560 ಜನ ಸಾಕು. 4 ಇದ್ದಿದ್ದು 6 ಆಗಿದೆಯಾ ಅಂತ ನೋಡಬೇಕಾದರೆ ಒಂದೊಂದು ಕಡೆ ಸುಮಾರು 1,900 ಜನ ಬೇಕು. ದಿನಕ್ಕೆ 40 ಜನ ಅಂದರೆ ಅದು 95 ದಿನ, ಅಷ್ಟರಲ್ಲಿ ತೋಟದಲ್ಲಿ ಹಣ್ಣೇ ಇರಲ್ಲ.

ಅಮೆರಿಕದಲ್ಲಿ ಒಬಾಮ ಅವರ 2008ರ ಚುನಾವಣೆಯ ಪ್ರಚಾರ ತಂಡ ತನ್ನ ಪುಟದ 24 ರೂಪಗಳನ್ನು ಹೀಗೇ ಪರೀಕ್ಷಿಸಿತ್ತು. ಹೆಸರು ನೋಂದಾಯಿಸಿದವರು ನೂರಕ್ಕೆ 8.26 ಇದ್ದಿದ್ದು ಗೆದ್ದ ರೂಪದಲ್ಲಿ 11.6 ಆಯಿತು. ಆದರೆ ಅಲ್ಲಿ ಒಂದೊಂದು ರೂಪವನ್ನೂ ಸುಮಾರು 13,000 ಜನ ನೋಡಿದ್ದರು. ಆ ಕಥೆ ಕೇಳಿ ಮುಳಬಾಗಿಲಿನ ಹೋಟೆಲ್‌ನವರೋ ಮಾಲೂರಿನ ನರ್ಸರಿಯವರೋ ಒಂದು ಪದ ಬದಲಿಸಿ 200 ಜನರಲ್ಲಿ ಉತ್ತರ ಹುಡುಕಿದರೆ ಸಿಗಲ್ಲ.

ಜನ ಕಮ್ಮಿ ಇರುವ ಪುಟದಲ್ಲಿ ದೊಡ್ಡ ವ್ಯತ್ಯಾಸವನ್ನೇ ಪರೀಕ್ಷಿಸಬೇಕು. 'ತಾಜಾ' ತೆಗೆದು 'ಫ್ರೆಶ್' ಹಾಕಿ ನೋಡೋದರಲ್ಲಿ ಅರ್ಥ ಇಲ್ಲ. ಒಂದು ತಲೆಬರಹ ಊರಿನ ಹೆಸರು ಹೇಳಲಿ, ಇನ್ನೊಂದು 'ಹಣ್ಣು ಕೆಟ್ಟಿದ್ದರೆ ದುಡ್ಡು ವಾಪಸ್' ಅನ್ನಲಿ. ಆಗಲೂ ಲೆಕ್ಕ ದಾಟದಿದ್ದರೆ, ಮಾತು ಉಳಿಸಿಕೊಳ್ಳೋಕೆ ಯಾವುದು ಸುಲಭವೋ ಅದನ್ನೇ ಇಟ್ಟುಕೊಳ್ಳಬಹುದು. ಪರೀಕ್ಷೆ ಅದನ್ನು ಗೆಲ್ಲಿಸಿತು ಅಂತ ಮಾತ್ರ ಹೇಳಬಾರದು.