ಮೊದಲು ಗಿಳಿ, ಆಮೇಲೆ ಗಾದೆ

ಪದಬಂಧ ಎದುರಿಗೆ ಬಂದ ಕೂಡಲೇ ಹೊಸಬರ ಕಣ್ಣು ಹೋಗುವುದು ಅತಿ ಉದ್ದದ ಸಾಲಿಗೆ. ಎಂಟೋ ಹತ್ತೋ ಚೌಕಗಳ ಆ ಸಾಲು ಸಿಕ್ಕರೆ ಅರ್ಧ ಆಟ ಮುಗಿದ ಹಾಗೆ ಎಂಬ ಲೆಕ್ಕಾಚಾರ. ಪಳಗಿದವರು ಅದರ ಸುಳಿವನ್ನು ಓದುತ್ತಾರೆ, ಆದರೆ ಅಲ್ಲಿ ಕೂರುವುದಿಲ್ಲ. ಎರಡಕ್ಷರ, ಮೂರಕ್ಷರದ ಪದಗಳ ಕಡೆಗೆ ಸರಿದುಬಿಡುತ್ತಾರೆ.

ಉದ್ದದ ಸಾಲುಗಳಿಗೆ ಪದಬಂಧದಲ್ಲಿ ಬೇರೆಯದೇ ಸ್ಥಾನ ಕೊಟ್ಟವರು ಅಮೆರಿಕದವರು. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ಎಂಬಾತ 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಮೊದಲ ಪದಬಂಧ ಪ್ರಕಟಿಸಿದ. ಇಂದು 'ನ್ಯೂಯಾರ್ಕ್ ಟೈಮ್ಸ್'ನ ದಿನದ ಪದಬಂಧ ಸಾಮಾನ್ಯವಾಗಿ ಹದಿನೈದಕ್ಕೆ ಹದಿನೈದು ಚೌಕದ್ದು. ವಾರದ ಹೆಚ್ಚಿನ ದಿನ ಅದರಲ್ಲಿ ಮೂರೋ ನಾಲ್ಕೋ ಉದ್ದದ ಉತ್ತರಗಳು ಒಂದೇ ಎಳೆಯಲ್ಲಿ ಹೆಣೆದಿರುತ್ತವೆ. ಅವುಗಳ ಸುಳಿವು ಬೇಕೆಂದೇ ಜಾರಿಕೊಳ್ಳುವಂತೆ ಬರೆದದ್ದು. ಎಳೆ ಯಾವುದೆಂದು ಗೊತ್ತಾಗುವವರೆಗೆ ಕೈಗೆ ಹತ್ತುವುದಿಲ್ಲ. ಅದಕ್ಕೆ ಪರಿಹಾರವೂ ಅದೇ ಚೌಕಟ್ಟಿನಲ್ಲಿದೆ: ಅಲ್ಲಿ ಪ್ರತಿ ಅಕ್ಷರವೂ ಅಡ್ಡ ಪದಕ್ಕೂ ಸೇರುತ್ತದೆ, ಉದ್ದ ಪದಕ್ಕೂ ಸೇರುತ್ತದೆ.

ಕನ್ನಡದಲ್ಲೇ ಒಂದು ಮೂಲೆ ಬಿಡಿಸಿ ನೋಡಬಹುದು. ಮೇಲಿನ ಉದ್ದ ಸಾಲಿನ ಸುಳಿವು 'ಕೈಗೆಟಕುವುದಕ್ಕೆ ಬೆಲೆ ಕಡಿಮೆ', ಎಂಟಕ್ಷರ ಎಂದಿಟ್ಟುಕೊಳ್ಳಿ. ನೇರವಾಗಿ ಯೋಚಿಸಿದರೆ ತಲೆ ಹತ್ತು ದಿಕ್ಕಿಗೆ ಓಡುತ್ತದೆ. ಆ ಸಾಲನ್ನು ಮೇಲಿನಿಂದ ಕೆಳಕ್ಕೆ ನಾಲ್ಕು ಸಣ್ಣ ಪದಗಳು ದಾಟುತ್ತವೆ: ಎರಡನೆಯ, ನಾಲ್ಕನೆಯ, ಆರನೆಯ ಮತ್ತು ಎಂಟನೆಯ ಚೌಕಗಳಲ್ಲಿ.

ಎಂಟನೆಯದನ್ನು ದಾಟುವ ಪದದ ಸುಳಿವು 'ಕಬ್ಬಿನ ಹಾಲು ಕಾಯಿಸಿ ಮಾಡುವ ಸಿಹಿ', ಎರಡಕ್ಷರ. ಬೆಲ್ಲ. ಇದರಲ್ಲಿ ಅನುಮಾನವಿಲ್ಲ. ಉದ್ದ ಸಾಲಿನ ಕೊನೆಗೆ 'ಲ್ಲ' ಬಂತು.

ನಾಲ್ಕನೆಯ ಚೌಕದಿಂದ ಕೆಳಗಿಳಿಯುವ ಪದ 'ಮಾತು ಕಲಿಯುವ ಹಸಿರು ಹಕ್ಕಿ'. ಗಿಳಿಯೋ ಗಿಣಿಯೋ? ಎರಡೂ ಕನ್ನಡವೇ, ಎರಡೂ ಎರಡೇ ಅಕ್ಷರ. ಪದ ಖಚಿತವಿಲ್ಲ ಎಂದು ಹೊಸಬರು ಇಲ್ಲಿ ಕೈಬಿಡುತ್ತಾರೆ. ಆದರೆ ಉದ್ದ ಸಾಲಿಗೆ ಬೇಕಾದದ್ದು ಇಡೀ ಹಕ್ಕಿಯಲ್ಲ, ಅದರ ಮೊದಲ ಅಕ್ಷರ ಮಾತ್ರ. ಗಿಳಿಯಾದರೂ ಗಿಣಿಯಾದರೂ ಅದು 'ಗಿ'. ಅದನ್ನು ಧೈರ್ಯವಾಗಿ ಬರೆದು, ಕೆಳಗಿನ ಚೌಕವನ್ನು ಖಾಲಿ ಬಿಡಬಹುದು.

ಎರಡನೆಯ ಚೌಕದಲ್ಲಿ ಎಚ್ಚರ ಬೇಕು. ಸುಳಿವು 'ಬೆಳಕಿಲ್ಲದ ಸ್ಥಿತಿ', ಮೂರಕ್ಷರ. ಉದ್ದ ಸಾಲಿಗೆ ಸೇರುವುದು ಇದರ ನಡುವಿನ ಅಕ್ಷರ. ಕತ್ತಲೆ, ಕತ್ತಲು ಎರಡರಲ್ಲೂ ನಡುವೆ 'ತ್ತ'. ಆದರೆ ತಿಮಿರ ಎಂದರೂ ಮೂರಕ್ಷರವೇ, ಆಗ ನಡುವೆ ಕೂರುವುದು 'ಮಿ'. ಇದು ಪೆನ್ಸಿಲ್ಲಿನಲ್ಲಿ ತಿಳಿಯಾಗಿ ಬರೆದಿಡಬೇಕಾದ ಉತ್ತರ. ಆರನೆಯ ಚೌಕದಿಂದ ಹೊರಡುವ 'ಆಲ ಅಥವಾ ಅರಳಿ' ಎಂಬ ಎರಡಕ್ಷರದ್ದೂ ಅಷ್ಟೇ. ಮರವೂ ಆಗಬಹುದು, ವೃಕ್ಷವೂ ಆಗಬಹುದು. ಅದನ್ನು ಮುಟ್ಟದೆ ಬಿಡುವುದೇ ಲೇಸು.

ಈಗ ಉದ್ದ ಸಾಲನ್ನು ಮತ್ತೆ ನೋಡಬೇಕು: ಮೊದಲ ಚೌಕ ಖಾಲಿ, ಆಮೇಲೆ 'ತ್ತ', ಖಾಲಿ, 'ಗಿ', ಮೂರು ಖಾಲಿ, ಕೊನೆಗೆ 'ಲ್ಲ'. ಎಂಟರಲ್ಲಿ ಮೂರೇ ತುಂಬಿವೆ. ಆದರೂ ಕೊನೆಯ 'ಲ್ಲ' ಇದು ಅಲ್ಲ ಅಥವಾ ಇಲ್ಲ ಎನ್ನುವ ಮಾತು ಎಂದು ಸೂಚಿಸುತ್ತಿದೆ. 'ಬೆಲೆ ಕಡಿಮೆ' ಎಂಬ ಸುಳಿವಿಗೂ ಅದು ಹೊಂದುತ್ತದೆ. ನಾಲ್ಕನೆಯ ಚೌಕದಲ್ಲಿ 'ಗಿ'ಯಿಂದ ಒಂದು ಪದ ಶುರುವಾಗಬಹುದೇ ಎಂದು ಕೇಳಿಕೊಂಡರೆ ಗಿಡ ನೆನಪಾಗುತ್ತದೆ, ಗಿಡದ ಹಿಂದೆಯೇ ಇಡೀ ಗಾದೆ ಬರುತ್ತದೆ: ಹಿತ್ತಲ ಗಿಡ ಮದ್ದಲ್ಲ.

ಇಲ್ಲಿಂದ ಸಾಲ ತೀರುವ ಕೆಲಸ. ಸಣ್ಣ ಪದಗಳಿಂದ ಅಕ್ಷರ ಪಡೆದ ಗಾದೆ ಈಗ ಅವಕ್ಕೆ ಅಕ್ಷರ ಕೊಡುತ್ತದೆ. ಆರನೆಯ ಚೌಕದಲ್ಲಿ 'ಮ' ಬಂದಿರುವುದರಿಂದ ವೃಕ್ಷ ಬಿದ್ದುಹೋಗಿ ಮರ ಉಳಿಯುತ್ತದೆ. 'ತ್ತ' ಗಟ್ಟಿಯಾದ್ದರಿಂದ ತಿಮಿರದ ಅನುಮಾನವೂ ಕಳೆಯಿತು.

ಎಳೆಯ ಪ್ರಯೋಜನ ಕಾಣುವುದು ಇದಾದ ಮೇಲೆ. ಚೌಕಟ್ಟನ್ನು ತಲೆಕೆಳಗು ಮಾಡಿದರೂ ಕಪ್ಪು ಚೌಕಗಳು ಇದ್ದಲ್ಲೇ ಇರುವಂತೆ ಜೋಡಿಸುವುದು ಅಮೆರಿಕದ ಪದ್ಧತಿ. ಹಾಗಾಗಿ ಮೇಲೆ ಎಂಟಕ್ಷರದ ಗಾದೆಯಿದ್ದರೆ ಕೆಳಗೆ ಅದಕ್ಕೆ ಜೋಡಿಯಾಗಿ ಎಂಟಕ್ಷರದ ಇನ್ನೊಂದು ಇರುತ್ತದೆ. ಅದರ ಐದನೆಯ ಚೌಕವನ್ನು 'ಮಾಡಿನ ಕೆಳಗೆ ಸಾಮಾನಿಡುವ ಜಾಗ', ಅಂದರೆ ಅಟ್ಟ ದಾಟುತ್ತದೆ ಎನ್ನೋಣ. ಸಿಕ್ಕಿದ್ದು 'ಟ್ಟ' ಎಂಬ ಒಂದೇ ಅಕ್ಷರ. ಆದರೆ ಹತ್ತಿರದ್ದನ್ನು ಹಗುರಾಗಿ ಕಾಣುವ ಗಾದೆ ಮೇಲಿರುವಾಗ, ಕೆಳಗಿನದು ದೂರದ ಬೆಟ್ಟ ನುಣ್ಣಗೆ ಎನ್ನಲು ಅಷ್ಟು ಸಾಕು. ಎಣಿಸಿದರೆ ಎಂಟೇ ಅಕ್ಷರ. ಮೊದಲ ಗಾದೆಗೆ ಮೂರು ಅಕ್ಷರ ಬೇಕಾಯಿತು, ಎರಡನೆಯದಕ್ಕೆ ಒಂದು.

ಈ ಲೆಕ್ಕ ಕನ್ನಡದಲ್ಲಿ ಇಂಗ್ಲಿಷಿಗಿಂತ ಬೇಗ ಫಲಿಸುತ್ತದೆ. ಇಂಗ್ಲಿಷಿನ ಚೌಕದಲ್ಲಿ ಕೂರುವುದು ಇಪ್ಪತ್ತಾರರಲ್ಲಿ ಒಂದು. ಕನ್ನಡದ ಚೌಕದಲ್ಲಿ ಕಾಗುಣಿತವೂ ಒತ್ತಕ್ಷರವೂ ಸೇರಿ ಒಂದಾಗಿ ಕೂರುತ್ತವೆ. 'ತ್ತ' ಎಂಬ ಒಂದು ಚೌಕವೇ ನೂರಾರು ಸಾಧ್ಯತೆಗಳನ್ನು ಹೊರಗಟ್ಟುತ್ತದೆ. ಅದಕ್ಕೆ ಬೆಲೆಯೂ ತೆರಬೇಕು: ನಮ್ಮ ಚೌಕಟ್ಟಿನಲ್ಲಿ ಎಷ್ಟೋ ಚೌಕಗಳನ್ನು ಒಂದೇ ಪದ ದಾಟುತ್ತದೆ, ಅಲ್ಲಿ ಬಿದ್ದ ತಪ್ಪನ್ನು ಹಿಡಿದುಕೊಡುವ ಇನ್ನೊಂದು ಪದವೇ ಇರುವುದಿಲ್ಲ.

ತಪ್ಪು ಸೇರಿಕೊಂಡದ್ದು ಹೇಗೆ ಗೊತ್ತಾಗಬೇಕು? ಒಂದು ಗುರುತು ಭಾಷೆಯಲ್ಲೇ ಇದೆ. ಕನ್ನಡದ ಪದ 'ಳ'ಕಾರದಿಂದಲೋ 'ಣ'ಕಾರದಿಂದಲೋ ಶುರುವಾಗುವುದಿಲ್ಲ, 'ತ್ತ'ದಂಥ ಇಮ್ಮಡಿ ಅಕ್ಷರದಿಂದಲೂ ಇಲ್ಲ. ಯಾವುದಾದರೂ ಪದದ ಮೊದಲ ಚೌಕಕ್ಕೆ ಅಂಥದ್ದು ಬಂದರೆ, ಅಲ್ಲಿ ಹಾದುಹೋಗುವ ಪದವೇ ತಪ್ಪು. ಮತ್ತೊಂದು ಗುರುತು, ಮೂರು ಅಕ್ಷರ ಸಿಕ್ಕಿದರೂ ಉದ್ದದ ಸಾಲು ಮಿಸುಕಾಡದಿರುವುದು. ತಿಮಿರ ಬರೆದವರಿಗೆ ಆಗುವುದು ಇದೇ; ಎರಡನೆಯ ಚೌಕದ 'ಮಿ' ಗಾದೆಯನ್ನು ಹತ್ತಿರ ಸುಳಿಯಗೊಡುವುದಿಲ್ಲ. ಆಗ ಎಲ್ಲವನ್ನೂ ಅಳಿಸಬೇಕಾಗಿಲ್ಲ. ಬೆಲ್ಲಕ್ಕೆ ಪರ್ಯಾಯವಿರಲಿಲ್ಲ, ಕತ್ತಲಿಗಿತ್ತು. ಮೊದಲು ರಬ್ಬರ್ ಹೋಗಬೇಕಾದದ್ದು ಅಲ್ಲಿಗೆ.

ಪರ್ಯಾಯವಿರುವ ಸಣ್ಣ ಪದಗಳಿಂದಲೇ ಒಂದು ಇಡೀ ಪದಬಂಧ ಕಟ್ಟಿದವರೂ ಇದ್ದಾರೆ. 1996ರ ನವೆಂಬರ್ 5, ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ದಿನ. ಅಂದಿನ 'ನ್ಯೂಯಾರ್ಕ್ ಟೈಮ್ಸ್' ಪದಬಂಧ ಜೆರಮಯ ಫಾರೆಲ್ ರಚಿಸಿದ್ದು. ಸಂಪಾದಕ ವಿಲ್ ಶಾರ್ಟ್ಸ್. ನಟ್ಟನಡುವಿನ ಸಾಲು ಕೇಳಿದ್ದು ನಾಳಿನ ಪತ್ರಿಕೆಯ ಮುಖ್ಯ ಸುದ್ದಿಯನ್ನು, ಅಂದರೆ ಗೆದ್ದವನ ಹೆಸರನ್ನು. ಕ್ಲಿಂಟನ್ ಎಂದರೂ ಬಾಬ್ ಡೋಲ್ ಎಂದರೂ ಇಂಗ್ಲಿಷಿನಲ್ಲಿ ಏಳೇ ಅಕ್ಷರ.

ಅದನ್ನು ದಾಟುವ ಏಳು ಸಣ್ಣ ಪದಗಳೂ ಎರಡು ಬಗೆಯಲ್ಲಿ ಸರಿ. ಹ್ಯಾಲೋವಿನ್ ಹಬ್ಬದ ಕಪ್ಪು ಪ್ರಾಣಿ ಎಂದರೆ ಬೆಕ್ಕು, ಅಂದರೆ ಕ್ಯಾಟ್. ಬಾವಲಿ, ಅಂದರೆ ಬ್ಯಾಟ್ ಕೂಡ ಹೌದು. ಮೊದಲನೆಯದರಿಂದ ಕ್ಲಿಂಟನ್ನನ ಮೊದಲಕ್ಷರ, ಎರಡನೆಯದರಿಂದ ಬಾಬ್‌ನದು. ಹೊಲಿಗೆ ಅಂಗಡಿಯಲ್ಲಿ ಕೊಳ್ಳುವುದು ನೂಲಾದ ಯಾರ್ನ್ ಇರಬಹುದು, ಬಟ್ಟೆಯ ಅಳತೆಯಾದ ಯಾರ್ಡ್ ಇರಬಹುದು. ಬೆಕ್ಕೆಂದು ಖಚಿತವಾಗಿ ಬರೆದವರಿಗೆ ಕ್ಲಿಂಟನ್ ಗೆದ್ದ, ಬಾವಲಿ ಎಂದವರಿಗೆ ಡೋಲ್ ಗೆದ್ದ. ಮತ ಎಣಿಕೆ ಶುರುವಾಗುವ ಮೊದಲೇ ಪತ್ರಿಕೆ ಫಲಿತಾಂಶ ಹೇಳಿಬಿಟ್ಟಿದೆ ಎಂದು ಸಿಟ್ಟಾದ ಓದುಗರ ಕರೆಗಳು ಶಾರ್ಟ್ಸ್‌ಗೆ ಬಂದವು; ತಮ್ಮ ಉತ್ತರದ ಪಕ್ಕದಲ್ಲೇ ಇನ್ನೊಂದು ಉತ್ತರವೂ ಕೂತಿದೆ ಎಂಬುದು ಅವರ ಕಣ್ಣಿಗೆ ಬಿದ್ದಿರಲಿಲ್ಲ.