‘ಮಾಡ್ಕೊಡೋಣ ಬಿಡಿ ಸಾರ್’ ಎಂಬ ಮಾತು ಟೆಂಡರ್ ಕೋಷ್ಟಕಕ್ಕೆ ಇಳಿಯುವಾಗ

ಶುದ್ಧ ಕುಡಿಯುವ ನೀರಿನ ಘಟಕಗಳನ್ನು ಜೋಡಿಸಿ ಕೊಡುವ ಸಣ್ಣ ವರ್ಕ್‌ಶಾಪ್‌ಗಳು ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಬೇಕಾದಷ್ಟಿವೆ. ಕೊಳವೆಬಾವಿಯ ನೀರನ್ನು ಕಣ್ಣಲ್ಲಿ ನೋಡಿಯೇ ಅಂದಾಜು ಹೇಳಬಲ್ಲ ಮಾಲೀಕರು, ಪಂಪು, ಪೈಪು, ಪ್ಯಾನೆಲ್ ಎಲ್ಲವನ್ನೂ ತಾವೇ ಕೂರಿಸುವ ಹುಡುಗರು. ಇಂಥವರ ಕೈಗೆ ನೂರಾರು ಪುಟದ ಇಂಗ್ಲಿಷ್ ಆರ್‌ಎಫ್‌ಪಿ ಬರುತ್ತದೆ. ಪ್ರಸ್ತಾವನೆ ಸಲ್ಲಿಸಿ ಎಂದು ಕೇಳುವ ದಾಖಲೆ ಅದು. ಅದರೊಳಗಿನ ಮುಖ್ಯ ಭಾಗ ಅಗತ್ಯಗಳ ಕೋಷ್ಟಕ. ಅದಕ್ಕೆ ಉತ್ತರವಾಗಿ ಮಾರಾಟಗಾರ ತುಂಬಬೇಕಾದದ್ದು ಕಂಪ್ಲಯನ್ಸ್ ಮ್ಯಾಟ್ರಿಕ್ಸ್: ಷರತ್ತಿನ ಸಂಖ್ಯೆ, ಷರತ್ತು, ಪಾಲಿಸುತ್ತೀರೋ ಇಲ್ಲವೋ, ವ್ಯತ್ಯಾಸವಿದ್ದರೆ ಏನು, ಪುರಾವೆ ಯಾವ ಪುಟದಲ್ಲಿದೆ. ಬಿಡ್ ಬೀಳುವುದು ಹೆಚ್ಚಾಗಿ ಇಲ್ಲೇ. ಯಂತ್ರ ಕೆಟ್ಟದ್ದೆಂದಲ್ಲ, ಈ ಐದು ಕಾಲಂಗಳನ್ನು ತುಂಬಿದ ರೀತಿಯಿಂದ.

ಭಾಷಾಂತರಕ್ಕೆ ಕೂತವರು ಮಾಡುವ ಮೊದಲ ಕೆಲಸ ಷರತ್ತನ್ನು ಕನ್ನಡಕ್ಕೆ ತರುವುದಲ್ಲ, ಒಡೆಯುವುದು. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಫ್ಲೋರೈಡ್ ಇರುವ ಊರಿಗೆ ಘಟಕ ಬೇಕಾಗಿದೆ. ಕೋಷ್ಟಕದ ಒಂದು ಸಾಲು ಹೀಗೆ ಹೇಳುತ್ತದೆ: ಘಟಕವು ಗಂಟೆಗೆ 1000 ಲೀಟರಿಗೆ ಕಡಿಮೆ ಇಲ್ಲದಂತೆ ಶುದ್ಧ ನೀರು ಕೊಡತಕ್ಕದ್ದು, ರಿಕವರಿ ಶೇ. 50ಕ್ಕೆ ಕಡಿಮೆ ಇರಬಾರದು, ನೀರು ಐಎಸ್ 10500:2012ಕ್ಕೆ ಹೊಂದಬೇಕು. ನೋಡಲು ಒಂದು ಸಾಲು, ಒಳಗೆ ಮೂರು ಮಾತು. ಇಂಗ್ಲಿಷ್ ಮೂಲವನ್ನೂ ಅದರ ಷರತ್ತು ಸಂಖ್ಯೆಯನ್ನೂ ಹಾಗೇ ಬಿಟ್ಟು, ಪಕ್ಕದಲ್ಲಿ ಅ, ಆ, ಇ ಎಂದು ಮೂರು ಕನ್ನಡ ಸಾಲು ಮಾಡಬೇಕು. ಇಂಗ್ಲಿಷಿನ ‘ಶಲ್’ ಇದ್ದಲ್ಲಿ ‘ಕಡ್ಡಾಯ’ ಎಂದು, ‘ಮೇ’ ಇದ್ದಲ್ಲಿ ‘ಐಚ್ಛಿಕ’ ಎಂದು ಬೇರೆ ಕಾಲಂನಲ್ಲಿ ಗುರುತು ಹಾಕಬೇಕು. ಕನ್ನಡದಲ್ಲಿ ಬರೆಯುತ್ತಾ ಹೋದರೆ ಎರಡೂ ‘ಒದಗಿಸುವುದು’ ಆಗಿಬಿಡುತ್ತವೆ. ಈ ಕನ್ನಡ ಸಾಲುಗಳು ಒಳಗಿನ ಕೆಲಸಕ್ಕೆ ಮಾತ್ರ. ಸಲ್ಲಿಸುವ ದಿನ ಇಲಾಖೆ ಕೊಟ್ಟ ನಮೂನೆಯೇ ಉಳಿಯಬೇಕು.

ಈಗ ಮಾಲೀಕರನ್ನು ಕೇಳುವ ಸಮಯ. ‘ಇದು ಆಗುತ್ತಾ?’ ಎಂದು ಕೇಳಿದರೆ ಬರುವ ಉತ್ತರ ಒಂದೇ: ‘ಮಾಡ್ಕೊಡೋಣ ಬಿಡಿ ಸಾರ್.’ ಅದರಲ್ಲಿ ಸುಳ್ಳಿಲ್ಲ. ಕೆಲಸ ಗೊತ್ತಿರುವವರ ಧೈರ್ಯ ಅದು. ಆದರೆ ಅದನ್ನು ‘ಕಂಪ್ಲೈಡ್’ ಎಂದು ಇಂಗ್ಲಿಷಿಗೆ ಇಳಿಸಿದ ಕ್ಷಣ ಅದು ಕರಾರಿನ ಭಾಗವಾಗುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆ: ಎಷ್ಟು ಮೆಂಬ್ರೇನ್ ಹಾಕುತ್ತೀರಿ? ಯಾವ ಅಳತೆಯದು? ಅದರ ಕಾಗದ ಎಲ್ಲಿದೆ?

‘4040 ಅಳತೆಯದು, ಮೂರು ಹಾಕಿದರೆ ಸಾಕು’ ಎಂದು ಮಾಲೀಕರು ಹೇಳಿದರು ಎನ್ನೋಣ. ಕಾಗದದ ಮೇಲೆ ಅದು ಸರಿಯೇ ಕಾಣುತ್ತದೆ. ಈ ಅಳತೆಯ ಸಾಮಾನ್ಯ ಮೆಂಬ್ರೇನಿನ ಡೇಟಾಶೀಟ್‌ನಲ್ಲಿ ದಿನಕ್ಕೆ 2400 ಗ್ಯಾಲನ್ ಎಂದಿರುತ್ತದೆ. ಗಂಟೆಗೆ ಸುಮಾರು 380 ಲೀಟರ್. ಮೂರಕ್ಕೆ 1140 ಲೀಟರ್, ಕೇಳಿದ್ದಕ್ಕಿಂತ ಹೆಚ್ಚೇ ಆಯಿತು. ಆದರೆ ಅದೇ ಕಾಗದದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಪರೀಕ್ಷೆಯ ಸ್ಥಿತಿ ಬರೆದಿರುತ್ತದೆ: 25 ಡಿಗ್ರಿ ಉಷ್ಣಾಂಶ, ಒಂದೇ ಮೆಂಬ್ರೇನ್, ರಿಕವರಿ ಶೇ. 15. ನಮ್ಮ ಟೆಂಡರ್ ಕೇಳುತ್ತಿರುವುದು ಶೇ. 50. ಅಂದರೆ ಒಳಗೆ ಹೋದ 2000 ಲೀಟರಿನಲ್ಲಿ 1000 ಲೀಟರ್ ಶುದ್ಧವಾಗಿ ಹೊರಬರಬೇಕು. ಒಂದು ಮೆಂಬ್ರೇನ್ ದಾಟಿ ಇನ್ನೊಂದಕ್ಕೆ ಹೋಗುವ ನೀರಿನಲ್ಲಿ ಉಪ್ಪು ಗಟ್ಟಿಯಾಗುತ್ತಾ ಹೋಗುತ್ತದೆ, ಒತ್ತಡ ಇಳಿಯುತ್ತದೆ, ಕೊನೆಯದು ಮೊದಲಿನದಕ್ಕಿಂತ ಕಡಿಮೆ ಕೊಡುತ್ತದೆ. ಆದ್ದರಿಂದಲೇ ಸಾವಿರ ಲೀಟರಿನ ಘಟಕಕ್ಕೆ ಇಂಥ ನಾಲ್ಕು ಹಾಕುವುದು ರೂಢಿ. ಮೂರು ಎಂದು ಬರೆದು ‘ಕಂಪ್ಲೈಡ್’ ಎಂದರೆ ಮೌಲ್ಯಮಾಪನಕ್ಕೆ ಕೂತ ಎಂಜಿನಿಯರ್ ಡೇಟಾಶೀಟ್ ತೆರೆದು ಹಿಡಿಯುತ್ತಾರೆ. ಅವರು ಹಿಡಿಯದಿದ್ದರೆ ಘಟಕ ಕೂರಿಸಿದ ಮೇಲೆ ಫ್ಲೋಮೀಟರ್ ಹಿಡಿಯುತ್ತದೆ, ಬಿಲ್ ಅಲ್ಲೇ ನಿಲ್ಲುತ್ತದೆ.

ಹಾಗಾದರೆ ಆ ಸಾಲಿನ ಉತ್ತರ ಹೇಗಿರಬೇಕು? ಇಂಗ್ಲಿಷಿಗೆ ಹೋಗುವ ಮುನ್ನ ಕನ್ನಡದಲ್ಲಿ ಅದು ಹೀಗಿರುತ್ತದೆ: ‘ಪಾಲಿಸುತ್ತೇವೆ. 4040 ಅಳತೆಯ ನಾಲ್ಕು ಮೆಂಬ್ರೇನ್. ಒಳಬರುವ ನೀರು ಗಂಟೆಗೆ 2000 ಲೀಟರ್, ಶುದ್ಧ ನೀರು 1000 ಲೀಟರ್, 25 ಡಿಗ್ರಿಯಲ್ಲಿ. ಲೆಕ್ಕದ ಹಾಳೆ ಇಂಥ ಪುಟ, ಡೇಟಾಶೀಟ್ ಇಂಥ ಪುಟ.’ ಉಷ್ಣಾಂಶದ ಮಾತು ಇದರಲ್ಲಿ ಇರಲೇಬೇಕು. ನೀರು ತಣ್ಣಗಾದಷ್ಟೂ ಮೆಂಬ್ರೇನ್ ಕೊಡುವುದು ಕಡಿಮೆ, ಒಂದೊಂದು ಡಿಗ್ರಿಗೆ ಸುಮಾರು ಶೇ. 3ರಷ್ಟು. ಆರ್‌ಎಫ್‌ಪಿಯಲ್ಲಿ ಉಷ್ಣಾಂಶವನ್ನೇ ಹೇಳಿಲ್ಲದಿದ್ದರೆ ನಾವಾಗಿ ಊಹಿಸಿ ಬರೆಯಬಾರದು, ಪ್ರೀ-ಬಿಡ್ ಪ್ರಶ್ನೆಯಾಗಿ ಕಳಿಸಬೇಕು.

ಮೂರನೆಯ ತುಂಡು, ಐಎಸ್ 10500. ಮಾಲೀಕರ ಬಾಯಲ್ಲಿ ಇದು ‘ಟಿಡಿಎಸ್ ಕಡಿಮೆ ಮಾಡೋದು’ ಆಗಿರುತ್ತದೆ. ಆದರೆ ಆ ಮಾನದಂಡದಲ್ಲಿ ಟಿಡಿಎಸ್ ಜೊತೆ ಫ್ಲೋರೈಡ್, ನೈಟ್ರೇಟ್, ಗಡಸುತನ, ಬ್ಯಾಕ್ಟೀರಿಯಾ ಎಲ್ಲವೂ ಇವೆ. ಹಲವು ಅಂಶಗಳಿಗೆ ಎರಡೆರಡು ಮಿತಿಗಳೂ ಇವೆ. ಫ್ಲೋರೈಡಿಗೆ ಲೀಟರಿಗೆ 1 ಮಿಲಿಗ್ರಾಂ ಮೊದಲ ಮಿತಿ. ಬೇರೆ ನೀರಿನ ಮೂಲವೇ ಇಲ್ಲದಾಗ ಮಾತ್ರ 1.5ರವರೆಗೆ ಸಡಿಲಿಕೆ. ಟಿಡಿಎಸ್‌ಗೆ ಹಾಗೆಯೇ 500 ಮತ್ತು 2000. ನೈಟ್ರೇಟಿಗೆ 45, ಅಲ್ಲಿ ಸಡಿಲಿಕೆ ಇಲ್ಲ. ಇಂಗ್ಲಿಷಿನ ‘ಆಕ್ಸೆಪ್ಟಬಲ್’ ಮತ್ತು ‘ಪರ್ಮಿಸಿಬಲ್’ ಎರಡನ್ನೂ ‘ಒಪ್ಪಬಹುದಾದ ಮಿತಿ’ ಎಂದು ಬರೆದರೆ ಮಾಲೀಕರಿಗೆ ಯಾವ ಅಂಕಿಗೆ ಮಾತು ಕೊಟ್ಟಿದ್ದೇವೆಂದೇ ತಿಳಿಯುವುದಿಲ್ಲ. ಕನ್ನಡ ಕಾಲಂನಲ್ಲಿ ಮಾತಿನ ಜಾಗದಲ್ಲಿ ಅಂಕಿಯನ್ನೇ ಬರೆಯುವುದು ಒಳ್ಳೆಯದು: ‘ಫ್ಲೋರೈಡ್ 1ರ ಒಳಗೆ.’ ಆಗ ಅವರೇ ಕೇಳುತ್ತಾರೆ, ಊರಿನ ಬೋರಿನಲ್ಲಿ ಈಗ ಎಷ್ಟಿದೆ ಎಂದು. ಆ ಕಚ್ಚಾ ನೀರಿನ ಪರೀಕ್ಷಾ ವರದಿ ಇಲ್ಲದೆ ಈ ಸಾಲನ್ನು ತುಂಬಲೇಬಾರದು.

ನಿರ್ವಹಣೆಯ ಸಾಲುಗಳಲ್ಲಿ ಅಪಾಯ ಇನ್ನೊಂದು ಬಗೆಯದು. ಐದು ವರ್ಷದ ‘ಕಾಂಪ್ರಹೆನ್ಸಿವ್’ ನಿರ್ವಹಣೆ ಎಂದಾಗ ಬಿಡಿಭಾಗಗಳೂ ಅದರೊಳಗೇ ಬರುತ್ತವೆ. ಕಾರ್ಟ್ರಿಡ್ಜ್, ಆಂಟಿಸ್ಕೇಲಂಟ್, ಬದಲಿ ಮೆಂಬ್ರೇನ್ ಯಾರ ಖರ್ಚು, ಕರೆಂಟ್ ಬಿಲ್ ಯಾರದು ಎಂದು ಷರತ್ತು ಷರತ್ತಾಗಿ ಹುಡುಕಬೇಕು. ಸ್ಪಷ್ಟವಿಲ್ಲದಿದ್ದರೆ ಅದೂ ಪ್ರೀ-ಬಿಡ್ ಪ್ರಶ್ನೆಯೇ. ಈ ಸಾಲಿಗೆ ಬಂದಾಗ ಮಾಲೀಕರು ಸಹಜವಾಗಿ ಹೇಳುವುದುಂಟು: ‘ಮೆಂಬ್ರೇನ್ ಬದಲಾಯಿಸಿದರೆ ಇಷ್ಟು ಸಾವಿರ ಆಗುತ್ತೆ ಅಂತ ಬರೆದುಬಿಡಿ.’ ಬರೆಯಬಾರದು. ಎರಡು ಲಕೋಟೆ ಪದ್ಧತಿಯ ಟೆಂಡರಿನಲ್ಲಿ ಮ್ಯಾಟ್ರಿಕ್ಸ್ ಇರುವುದು ತಾಂತ್ರಿಕ ಲಕೋಟೆಯಲ್ಲಿ. ದರದ ಒಂದು ಅಂಕಿ ಅಲ್ಲಿ ಕಂಡರೂ ಇಡೀ ಬಿಡ್ ತಿರಸ್ಕಾರವಾಗಬಹುದು.

ಪೂರ್ತಿ ಪಾಲಿಸಲಾಗದ ಸಾಲುಗಳೂ ಇರುತ್ತವೆ. ಅಲ್ಲಿ ‘ನೋಟೆಡ್’ ಎಂದು ಬರೆದು ಜಾರಿಕೊಳ್ಳುವ ಅಭ್ಯಾಸ ಬಿಡಬೇಕು. ಗಮನಿಸಿದ್ದೇವೆ ಎಂದರೆ ಒಪ್ಪಿದ್ದೇವೆ ಎಂದಲ್ಲ, ಅಧಿಕಾರಿಗೆ ಅದು ಉತ್ತರವೇ ಅಲ್ಲ. ದೂರು ಬಂದ 24 ಗಂಟೆಯೊಳಗೆ ರಿಪೇರಿ ಎಂದು ಕೇಳಿದ್ದಾರೆ, ನಿಮ್ಮ ಮೆಕ್ಯಾನಿಕ್ ಹೋಗಲು 48 ಗಂಟೆ ಬೇಕು ಎಂದಾದರೆ ‘ಭಾಗಶಃ’ ಎಂದೇ ಬರೆದು 48 ಎಂದು ಹೇಳಬೇಕು. ಕಡ್ಡಾಯ ಷರತ್ತಾಗಿದ್ದರೆ ಅದರಿಂದ ಬಿಡ್ ಹೋಗಬಹುದು. ಆ ನಿರ್ಧಾರ ಭಾಷಾಂತರ ಮಾಡುವವರದಲ್ಲ, ಮಾಲೀಕರದು. ಅದಕ್ಕಾಗಿಯೇ ಡಿಜಿಟಲ್ ಸಹಿ ಹಾಕುವ ಮುನ್ನ ತುಂಬಿದ ಪ್ರತಿ ಇಂಗ್ಲಿಷ್ ಉತ್ತರವನ್ನೂ ಅವರ ಮುಂದೆ ಕನ್ನಡದಲ್ಲಿ ಓದಿ ಹೇಳಬೇಕು, ಮೂಲ ಕನ್ನಡ ಟಿಪ್ಪಣಿ ನೋಡದೆ, ಇಂಗ್ಲಿಷಿನಿಂದ ನೇರವಾಗಿ.

ಓದಿ ಮುಗಿಸಿದ ಮೇಲೆ ಪೋರ್ಟಲ್‌ನಲ್ಲಿ ತಿದ್ದುಪಡಿ ಬಂದಿದೆಯೇ ಎಂದು ಇನ್ನೊಮ್ಮೆ ನೋಡಬೇಕು. ರಿಕವರಿ ಶೇ. 50 ಇದ್ದದ್ದು ಶೇ. 60 ಆಗಿದ್ದರೆ ಒಳಬರುವ ನೀರು 2000 ಲೀಟರಿನಿಂದ ಸುಮಾರು 1670ಕ್ಕೆ ಇಳಿಯುತ್ತದೆ, ಉಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ, ಆಂಟಿಸ್ಕೇಲಂಟ್ ಪ್ರಮಾಣ ಬದಲಾಗುತ್ತದೆ. ಲೆಕ್ಕದ ಹಾಳೆಯನ್ನು ಮತ್ತೆ ಮೊದಲಿನಿಂದ ಮಾಡಬೇಕು.